1.9 ಎಲೆಕ್ಟ್ರಾನ್ ವೋಲ್ಟ್ ಬ್ಯಾಂಡ್ ಗ್ಯಾಪ್ ಇರುವ ಎಲ್ಇಡಿ ಯಾವ ಬಣ್ಣ?

ಪ್ರಶ್ನೆ: ನಾನು ಹಾಸನದಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದೀನಿ. ಎಲ್ಇಡಿಯ ಬ್ಯಾಂಡ್ ಗ್ಯಾಪ್ 1.9 eV, ಬಣ್ಣ ಹೇಳಿ ಅಂತ ಲೆಕ್ಕ. λ = hc/E ಹಾಕಿದರೆ 1.05 × 10⁻²⁵ ಮೀಟರ್ ಬರುತ್ತಿದೆ. ಎಲ್ಲಿ ತಪ್ಪಾಯ್ತು? ಉತ್ತರ ಬಂದ ಮೇಲೆ ಬಣ್ಣ ಹೇಳೋದು ಹೇಗೆ?

ಉತ್ತರ: ಸೂತ್ರ ಸರಿಯಾಗೇ ಇದೆ, ಕೆಟ್ಟಿರೋದು ಏಕಮಾನ. h ಅನ್ನು ಜೌಲ್-ಸೆಕೆಂಡಿನಲ್ಲಿ ಹಾಕಿದ್ದೀರಿ, ಕೆಳಗಡೆ 1.9 ಅನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲೇ ಬಿಟ್ಟಿದ್ದೀರಿ. ಪರಮಾಣುವಿನ ನ್ಯೂಕ್ಲಿಯಸ್ಸೇ ಸುಮಾರು 10⁻¹⁵ ಮೀಟರ್ ಇರುತ್ತೆ. ನಿಮ್ಮ ಬೆಳಕಿನ ತರಂಗಾಂತರ ಅದಕ್ಕಿಂತ ಸಾವಿರ ಕೋಟಿ ಪಟ್ಟು ಚಿಕ್ಕದಾಯ್ತು! ಕಣ್ಣಿಗೆ ಕಾಣುವ ಬೆಳಕಿಗೆ 10⁻⁷ರ ಆಸುಪಾಸು ಬರದಿದ್ದರೆ ಅಲ್ಲೇ ಪೆನ್ ನಿಲ್ಲಿಸಿ ಏಕಮಾನ ನೋಡಿ.

1.9 ಅನ್ನು 1.6 × 10⁻¹⁹ರಿಂದ ಗುಣಿಸಿದರೆ 3.04 × 10⁻¹⁹ ಜೌಲ್. ಈಗ hc, ಅಂದರೆ 1.989 × 10⁻²⁵ ಅನ್ನು ಅದರಿಂದ ಭಾಗಿಸಿ. 6.54 × 10⁻⁷ ಮೀಟರ್, ಅಂದರೆ 654 ನ್ಯಾನೊಮೀಟರ್. ಇದು ಕೆಂಪು.

ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತೀನಿ. ಬೋರ್ಡ್ ಮೇಲೆ ಈ ಘಾತಗಳನ್ನೆಲ್ಲ ಬರೆಯೋದು ಬಿಟ್ಟು ವರ್ಷಗಳಾದವು. h, c ಎರಡನ್ನೂ ಗುಣಿಸಿ ಒಂದೇ ಸಲ ಎಲೆಕ್ಟ್ರಾನ್ ವೋಲ್ಟ್ ಮತ್ತು ನ್ಯಾನೊಮೀಟರಿಗೆ ತಂದಿಟ್ಟುಕೊಂಡರೆ 1240 ಸಿಗುತ್ತೆ:

```
λ (nm) = 1240 / E (eV)
E (eV) = 1240 / λ (nm)
```

1240 ಭಾಗಿಸು 1.9, ಸುಮಾರು 653. ಮೊದಲು ಬಂದ 654ಕ್ಕೂ ಇದಕ್ಕೂ ಇರೋ ಒಂದರ ವ್ಯತ್ಯಾಸ ಸ್ಥಿರಾಂಕಗಳನ್ನು ಕತ್ತರಿಸಿದ್ದರಿಂದ ಬಂದದ್ದು, ತಲೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆಯಲ್ಲಿ ಮಾತ್ರ ಹಂತಕ್ಕೆ ಅಂಕ ಇರೋದರಿಂದ ಉದ್ದ ದಾರಿಯಲ್ಲೇ ಬರೆಯಿರಿ, 1240ರಿಂದ ತಾಳೆ ನೋಡಿಕೊಳ್ಳಿ.

ಬಣ್ಣಕ್ಕೆ ಬರೋಣ. ಸುಮಾರು 620ಕ್ಕಿಂತ ಮೇಲೆ ಕೆಂಪು, 590ರಿಂದ 620 ಕಿತ್ತಳೆ, 570ರಿಂದ 590 ಹಳದಿ, ಅದರ ಕೆಳಗೆ 495ರವರೆಗೆ ಹಸಿರು, 450ರವರೆಗೆ ನೀಲಿ, ಆಮೇಲೆ ನೇರಳೆ. ಇವು ಬೇಲಿ ಹಾಕಿದ ಗಡಿಗಳಲ್ಲ, ಒಂದು ಇನ್ನೊಂದರೊಳಗೆ ಕರಗುತ್ತೆ. ಆದ್ದರಿಂದ ಬ್ಯಾಂಡ್ ಗ್ಯಾಪನ್ನು ಸಿಕ್ಕಾಪಟ್ಟೆ ರೌಂಡ್ ಆಫ್ ಮಾಡಬೇಡಿ. 2.0 ಹಾಕಿದರೆ 620, ಕೆಂಪು ಮುಗಿಯೋ ಜಾಗ. 2.1 ಹಾಕಿದರೆ 590, ಆಗಲೇ ಹಳದಿ ಅಂಚು. ಬರೀ 0.1ಕ್ಕೆ ಕಿತ್ತಳೆ ಪೂರ್ತಿ ದಾಟಿಬಿಟ್ಟಿರಿ. ಅದೇ 0.1 ನೀಲಿಯ ಕಡೆ ಅಷ್ಟು ಆಟ ಆಡಿಸಲ್ಲ: 2.6ಕ್ಕೆ 477, 2.7ಕ್ಕೆ 459, ಎರಡೂ ನೀಲಿಯೇ. ಶಕ್ತಿ ಭಾಜಕದಲ್ಲಿರೋದರಿಂದ ಹೀಗೆ.

ನಿಜವಾದ ಎಲ್ಇಡಿ ಒಂದೇ ತರಂಗಾಂತರವನ್ನೂ ಕೊಡಲ್ಲ. ಕೋಣೆಯ ಉಷ್ಣತೆಯಲ್ಲಿ ಎಲೆಕ್ಟ್ರಾನುಗಳ ಶಕ್ತಿ ಸ್ವಲ್ಪ ಹರಡಿಕೊಂಡಿರುತ್ತೆ. ಹಾಗಾಗಿ ನಿಮ್ಮ 653ರ ಬೆಳಕು ಹದಿನೈದು ಇಪ್ಪತ್ತು ನ್ಯಾನೊಮೀಟರ್ ಅಗಲದ ಪಟ್ಟಿಯಾಗಿ ಬರುತ್ತೆ. ಕಣ್ಣಿಗೆ ಕೆಂಪೇ.

ಲ್ಯಾಬಿನಲ್ಲಿ ಈ ಲೆಕ್ಕವನ್ನು ಉಲ್ಟಾ ಮಾಡಿಸ್ತಾರೆ: ಎಲ್ಇಡಿ ಹೊತ್ತಿಕೊಳ್ಳೋ ವೋಲ್ಟೇಜನ್ನೇ ಎಲೆಕ್ಟ್ರಾನ್ ವೋಲ್ಟ್ ಅಂತ ಇಟ್ಟುಕೊಂಡು ತರಂಗಾಂತರ ತೆಗೆಯೋದು. ಒಂದು ವರ್ಷ ನಮ್ಮ ಹುಡುಗನೊಬ್ಬ ದೀಪಾವಳಿಯ ಸೀರಿಯಲ್ ಸೆಟ್ಟಿಂದ ಹಸಿರು ಬಲ್ಬ್ ಕಿತ್ತು ತಂದಿದ್ದ. ಅದು 2.7 ವೋಲ್ಟಿಗೆ ಹೊತ್ತಿತು, ಲೆಕ್ಕಕ್ಕೆ 459 ಬಂತು. ನೀಲಿ! "ಸಾರ್, ಮೀಟರ್ ಹಾಳಾಗಿದೆ" ಅಂದ. ನನಗೂ ಹಾಗೇ ಅನ್ನಿಸಿತ್ತು. ಹಸಿರು ಪ್ಲಾಸ್ಟಿಕ್ ಟೋಪಿ ತೆಗೆದಾಗ ಒಳಗಿದ್ದದ್ದು ಬಿಳಿ ಎಲ್ಇಡಿ. ಬಿಳಿಗೆ ಅಂತ ಒಂದು ಬ್ಯಾಂಡ್ ಗ್ಯಾಪ್ ಇಲ್ಲ. ಸಾಮಾನ್ಯ ಬಿಳಿ ಎಲ್ಇಡಿಯಲ್ಲಿರೋದು ನೀಲಿ ಚಿಪ್. ಅದರ ಮೇಲೆ ಬಳಿದ ಫಾಸ್ಫರ್ ಸ್ವಲ್ಪ ನೀಲಿಯನ್ನು ಹೀರಿ ಹಳದಿ ಬೆಳಕು ಕೊಡುತ್ತೆ, ಎರಡೂ ಸೇರಿ ಬಿಳಿಯಾಗಿ ಕಾಣುತ್ತೆ. ಮೀಟರ್ ಹೇಳಿದ್ದು ಚಿಪ್ಪಿನ ಬಣ್ಣವನ್ನೇ.

ಆದರೂ ವೋಲ್ಟೇಜಿನಿಂದ ತೆಗೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಎಲ್ಇಡಿಯ ವೋಲ್ಟೇಜ್ ಕರೆಂಟ್ ಜೊತೆ ಏರುತ್ತೆ. ಮಲ್ಟಿಮೀಟರಿನ ಡಯೋಡ್ ಟೆಸ್ಟ್‌ನಲ್ಲಿ ಹರಿಯೋ ಸಣ್ಣ ಕರೆಂಟಿಗೆ ಕೆಂಪು ಎಲ್ಇಡಿ 1.7 ಅಂತ ತೋರಿಸಬಹುದು. ಅದರಿಂದ 729 ಬರುತ್ತೆ, ಆದರೆ ಬೆಳಕು ಇರೋದು 630ರ ಸುತ್ತ. ಕರೆಂಟ್ ಹೆಚ್ಚು ಕೊಟ್ಟರೆ ಒಳಗಿನ ರೋಧವೂ ಸೇರಿ ಸಂಖ್ಯೆ ಇನ್ನೊಂದು ಕಡೆಗೆ ಜಾರುತ್ತೆ.

ಮನೆಯಲ್ಲೇ ಒಂದು ಮಾಡಿ ನೋಡಿ. ಟಿವಿ ರಿಮೋಟಿನ ತುದಿಯ ಎಲ್ಇಡಿ ಸಾಮಾನ್ಯವಾಗಿ 940 ನ್ಯಾನೊಮೀಟರ್. 1240 ಭಾಗಿಸು 940 ಅಂದರೆ 1.32 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣಬೇಕಾದರೆ ಸುಮಾರು 1.8 ಬೇಕು, ಅದಕ್ಕೇ ಅದು ಕತ್ತಲಾಗೇ ಕಾಣೋದು. ಗುಂಡಿ ಒತ್ತಿ ಹಿಡಿದು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಎಷ್ಟೋ ಫೋನುಗಳಲ್ಲಿ ನಸುನೇರಳೆಯಾಗಿ ಮಿನುಗುತ್ತೆ. ಆ ನೇರಳೆ ನೋಡಿ 400 ಅಂತ ಬರೆದುಬಿಟ್ಟೀರಿ, ಅದು ಕ್ಯಾಮೆರಾ ಹಚ್ಚಿದ ಬಣ್ಣ.