ಮೆಷಿನಿನ ಮೇಲಿನ ಹೆಸರು, ಬಿಲ್ಲಿನ ಹೆಸರು, ಬ್ಯಾಂಕಿನ ಹೆಸರು

"ಅಡಿಕೆ ಸುಲಿಯುವ ಮೆಷಿನ್ ಪುತ್ತೂರಿನಿಂದ ತಂದದ್ದು. ಮೆಷಿನಿನ ಮೇಲೆ ಒಂದು ಹೆಸರು, ಬಿಲ್ಲಿನಲ್ಲಿ ಬೇರೆ, ಗೂಗಲ್ ಪೇ ಮಾಡಿದಾಗ ಯಾರೋ ಮನುಷ್ಯನ ಹೆಸರು ಬಂತು. ಎಂಟು ತಿಂಗಳಿಗೆ ಗೇರ್ ಬಾಕ್ಸ್ ಹೋಯ್ತು. ಕಂಪ್ಲೇಂಟ್ ಯಾರ ಹೆಸರಿಗೆ ಬರೆಯುವುದು? ನಾನು ಮೋಸ ಹೋದೆನಾ?"

ಹೆಸರು ಮೂರು ಇವೆ ಎಂಬ ಒಂದೇ ಕಾರಣಕ್ಕೆ ಮೋಸ ಅನ್ನಲಿಕ್ಕೆ ಬರುವುದಿಲ್ಲ ಅಣ್ಣ. ಮೆಷಿನಿನ ಮೇಲಿರುವುದು ಬ್ರ್ಯಾಂಡು, ಅಂದರೆ ಸರಕಿನ ಹೆಸರು. ಬಿಲ್ಲಿನ ತಲೆಯಲ್ಲಿರುವುದು ಅಂಗಡಿಯ ಬೋರ್ಡಿನ ಹೆಸರು. ಈ ಎರಡಕ್ಕೂ ತಾವಾಗಿ ಸಾಲ ತೀರಿಸುವ, ನೋಟೀಸು ಪಡೆಯುವ ಅಸ್ತಿತ್ವ ಇಲ್ಲ. ಅವುಗಳ ಹಿಂದೆ ಒಬ್ಬ ಮನುಷ್ಯನೋ, ಪಾಲುದಾರರೋ, ನೋಂದಾಯಿತ ಕಂಪೆನಿಯೋ ಇರಬೇಕು. ನೀವು ಹುಡುಕಬೇಕಾದದ್ದು ಅವರನ್ನು.

ನೀವು ಹಾಕಿದ ಬಿಲ್ಲಿನ ಫೋಟೋದಲ್ಲಿ ಜಿಎಸ್‌ಟಿ ನಂಬರ್ ಸ್ಪಷ್ಟ ಕಾಣುತ್ತದೆ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ್ದು: ನಮ್ಮ ಕಾಸರಗೋಡಿನ ಅಂಗಡಿಗಳದ್ದು 32, ಪುತ್ತೂರು ಮಂಗಳೂರಿನವರದ್ದು 29. ಅದರ ನಂತರದ ಹತ್ತು ಅಕ್ಷರ ಅವರ ಪ್ಯಾನ್ ನಂಬರೇ. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನಲ್ಲಿ ಎಡದಿಂದ ಆರನೆಯದು, ಆ ವ್ಯಾಪಾರ ಯಾರದ್ದು ಎಂದು ಹೇಳುತ್ತದೆ. `P` ಇದ್ದರೆ ಒಬ್ಬ ವ್ಯಕ್ತಿ, `F` ಇದ್ದರೆ ಪಾಲುದಾರಿಕೆ, `C` ಇದ್ದರೆ ಕಂಪೆನಿ. ನಿಮ್ಮ ಬಿಲ್ಲಿನಲ್ಲಿ ಇರುವುದು `P`. ಹಾಗಾದರೆ ಅಂಗಡಿ ಎಷ್ಟೇ ದೊಡ್ಡದಿರಲಿ, "ಏಜೆನ್ಸೀಸ್" ಅಂತ ಬರೆದಿರಲಿ, ಅದು ಒಬ್ಬರ ಸ್ವಂತ ವ್ಯಾಪಾರ. ಗೂಗಲ್ ಪೇಯಲ್ಲಿ ಮನುಷ್ಯನ ಹೆಸರು ಬಂದದ್ದು ಸಹಜ.

ಇದೇ ಜಾಗದಲ್ಲಿ `C` ಇದ್ದು, ದುಡ್ಡು ಮಾತ್ರ ಯಾರದೋ ಸ್ವಂತ ಖಾತೆಗೆ ಹಾಕಿ ಅಂದಿದ್ದರೆ ನಾನೇ ನಿಲ್ಲಿಸಿ ಅನ್ನುತ್ತಿದ್ದೆ. ಕಂಪೆನಿಯ ದುಡ್ಡು ಕಂಪೆನಿಯ ಖಾತೆಗೇ ಹೋಗಬೇಕು. ನಾಳೆ ಅವರು "ನಮಗೆ ಬಂದೇ ಇಲ್ಲ" ಎಂದರೆ ಬಿಲ್ಲು ಹಿಡಿದುಕೊಂಡು ಅಲೆಯುವುದು ನಾವು.

ಅಕ್ಷರ ನೋಡಿ ಬಿಡಬೇಡಿ, ಪೋರ್ಟಲಿನಲ್ಲೂ ನೋಡಿ. `gst.gov.in` ತೆರೆದು `Search Taxpayer` ಒಳಗೆ `Search by GSTIN/UIN` ಒತ್ತಿ, ನಂಬರ್ ಹಾಕಿ. ಲಾಗಿನ್ ಬೇಡ. ಬರುವುದರಲ್ಲಿ `Legal Name of Business` ಎಂಬಲ್ಲಿ ಯಜಮಾನನ ಹೆಸರು, `Trade Name` ಎಂಬಲ್ಲಿ ಬೋರ್ಡಿನ ಹೆಸರು, `Constitution of Business` ಎಂಬಲ್ಲಿ `Proprietorship` ಅಂತ ಇರುತ್ತದೆ. ಮೊದಲನೆಯದು ನಿಮ್ಮ ಗೂಗಲ್ ಪೇ ಹೆಸರಿಗೆ ತಾಳೆಯಾಯಿತೋ, ಆ ಚಿಂತೆ ಮುಗಿಯಿತು. ನಂಬರ್ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದೂ ಅಲ್ಲೇ ಕಾಣುತ್ತದೆ.

ಪೆರ್ಲದ ಅಣ್ಣ ಮೇಲೆ ಬರೆದಿದ್ದಾರೆ, "ಹೆಸರಿನ ಕೊನೆಗೆ ಲಿಮಿಟೆಡ್ ಇದ್ದರೆ ಕಂಪೆನಿ, ಇಲ್ಲದಿದ್ದರೆ ಬರೀ ಬೋರ್ಡು" ಅಂತ. ಅರ್ಧ ಸರಿ. "ಪ್ರೈವೆಟ್ ಲಿಮಿಟೆಡ್" ಇದ್ದರೆ ಕಂಪೆನಿಯೇ. ಆದರೆ ನಾವೆಲ್ಲ ಅಡಿಕೆ ಹಾಕುವ ಕ್ಯಾಂಪ್ಕೋವನ್ನು ನೋಡಿ. ಅದರ ಪೂರ್ತಿ ಹೆಸರು ಸೆಂಟ್ರಲ್ ಅರೆಕನಟ್ ಅಂಡ್ ಕೊಕೊ ಮಾರ್ಕೆಟಿಂಗ್ ಅಂಡ್ ಪ್ರೊಸೆಸಿಂಗ್ ಕೋ-ಆಪರೇಟಿವ್ ಲಿಮಿಟೆಡ್. 1973ರಲ್ಲಿ ಶುರುವಾದ ಬಹುರಾಜ್ಯ ಸಹಕಾರಿ ಅದು. ಕೊನೆಗೆ ಲಿಮಿಟೆಡ್ ಇದ್ದರೂ ಕಂಪೆನಿ ಕಾಯ್ದೆಯದ್ದಲ್ಲ, ಕಂಪೆನಿ ಪಟ್ಟಿಯಲ್ಲಿ ಹುಡುಕಿದರೆ ಸಿಗದು. ಹಾಗಂತ ಅದು ಬರೀ ಬೋರ್ಡೂ ಅಲ್ಲ.

ಇನ್ನು ನಿಮ್ಮ ಮೆಷಿನಿನ ಸ್ಟಿಕ್ಕರ್. ಫೋಟೋ ದೊಡ್ಡದು ಮಾಡಿ ನೋಡಿದೆ. ದಪ್ಪ ಅಕ್ಷರದ ಬ್ರ್ಯಾಂಡಿನ ಕೆಳಗೆ ಸಣ್ಣದಾಗಿ `Manufactured by`, `Marketed by` ಅಂತ ಎರಡು ಸಾಲು, ಎರಡರಲ್ಲೂ ಬೇರೆ ಬೇರೆ ಹೆಸರು. ಎರಡನೆಯದು ಕೊಯಮತ್ತೂರಿನ ಪ್ರೈವೆಟ್ ಲಿಮಿಟೆಡ್. ಈ ಸಣ್ಣ ಅಕ್ಷರವೇ ನಿಮಗೆ ಬೇಕಾದ್ದು. ವಾರಂಟಿ ಕಾರ್ಡಿನಲ್ಲಿ ವಾರಂಟಿ ಕೊಟ್ಟವರು ಯಾರು ಎಂದು ಓದಿ, ಅದು ಈ ಎರಡರಲ್ಲಿ ಒಂದಾಗಿರಬೇಕು. ಕಂಪೆನಿಯ ಬಿಲ್ಲು, ಲೆಟರ್‌ಹೆಡ್‌ಗಳಲ್ಲಿ `CIN` ಎಂಬ 21 ಅಕ್ಷರದ ನಂಬರ್ ಹಾಕುವುದು ಕಾನೂನು. ಅದನ್ನು `mca.gov.in` ನಲ್ಲಿ ಹಾಕಿದರೆ ಪೂರ್ತಿ ಹೆಸರೂ ನೋಂದಾಯಿತ ಕಚೇರಿಯ ವಿಳಾಸವೂ ಬರುತ್ತದೆ. ನೋಟೀಸು ಆ ವಿಳಾಸಕ್ಕೇ ಹೋಗಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಂದು ಪಂಪ್‌ಸೆಟ್ಟಿನ ವಿಷಯದಲ್ಲಿ ನಾನು ಬ್ರ್ಯಾಂಡಿನ ಹೆಸರಿಗೇ, ಜಾಹೀರಾತಿನಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೆ. "ಈ ಹೆಸರಿನವರು ಇಲ್ಲಿಲ್ಲ" ಎಂಬ ಷರಾ ಹೊತ್ತು ವಾಪಸು ಬಂತು. ಸರಿಯಾದ ಕಂಪೆನಿ ಹುಡುಕುವಷ್ಟರಲ್ಲಿ ವಾರಂಟಿ ಮುಗಿದಿತ್ತು. ಆ ಮಳೆಗಾಲ ಪೂರ್ತಿ ಅದೇ ಬೇಸರ.

ನಿಮ್ಮ ಪತ್ರದಲ್ಲಿ ಮೊದಲನೆಯವರು ಮಾರಿದವರು. "ಇಂಥವರು, ಪ್ರೊಪ್ರೈಟರ್, ಇಂಥ ಏಜೆನ್ಸೀಸ್, ಪುತ್ತೂರು" ಎಂದು ವ್ಯಕ್ತಿಯ ಹೆಸರೂ ಬೋರ್ಡಿನ ಹೆಸರೂ ಒಟ್ಟಿಗೆ ಬರಲಿ. ಎರಡನೆಯವರು ವಾರಂಟಿ ಕೊಟ್ಟ ಕಂಪೆನಿ, ನೋಂದಣಿಯಲ್ಲಿದ್ದ ಹಾಗೆಯೇ, ಪ್ರೈವೆಟ್ ಲಿಮಿಟೆಡ್ ಸಮೇತ. ಬ್ರ್ಯಾಂಡಿನ ಹೆಸರು ಒಕ್ಕಣೆಯ ಒಳಗೆ, ಮಾಡೆಲ್ ಮತ್ತು ಸೀರಿಯಲ್ ನಂಬರಿನ ಜೊತೆ. ಉತ್ತರ ಬಾರದೆ ಗ್ರಾಹಕ ಆಯೋಗಕ್ಕೆ ಹೋಗಬೇಕಾದರೆ ಮಂಗಳೂರಿಗೆ ಓಡಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಆಗಬೇಕು.

ಬದಿಯಡ್ಕದ ಅಕ್ಕ ಡೂಪ್ಲಿಕೇಟ್ ಮಾಲು ಗುರುತಿಸುವುದು ಹೇಗೆ ಎಂದು ಬರೆದದ್ದು ಉಪಯೋಗದ ಮಾತೇ, ಆದರೆ ಇಲ್ಲಿ ಮಾಲು ನಕಲಿ ಎಂದು ಯಾರೂ ಹೇಳಿಲ್ಲ. ಅವರ ಇನ್ನೊಂದು ಪ್ರಶ್ನೆ ಚೆನ್ನಾಗಿತ್ತು: ಪುತ್ತೂರಿನಲ್ಲೂ ಬದಿಯಡ್ಕದಲ್ಲೂ ಒಂದೇ ಬೋರ್ಡಿದ್ದರೆ ಅಂಗಡಿ ಒಂದೇ ಅಲ್ಲವಾ? ಎರಡೂ ಕಡೆಯ ಬಿಲ್ಲು ಪಕ್ಕಪಕ್ಕ ಇಡಿ. ಒಂದು 29, ಒಂದು 32 ಇದ್ದೇ ಇರುತ್ತದೆ. ನಡುವಿನ ಹತ್ತು ಅಕ್ಷರ ಒಂದೇ ಆದರೆ ಯಜಮಾನ ಒಬ್ಬನೇ. ಬೇರೆ ಆದರೆ ಅಣ್ಣನದ್ದು ಒಂದು ತಮ್ಮನದ್ದು ಒಂದು ಇರಬಹುದು, ಒಬ್ಬನ ಬಾಕಿ ಇನ್ನೊಬ್ಬನಲ್ಲಿ ಕೇಳಿದರೆ ಕೊಡಬೇಕೆಂದಿಲ್ಲ. ಒಂದೇ ಬೋರ್ಡಿನ ಹೆಸರನ್ನು ಜಿಎಸ್‌ಟಿಯಲ್ಲಿ ಎಷ್ಟು ಜನ ಬೇಕಾದರೂ ಬರೆಸಬಹುದು.

ಮುಳ್ಳೇರಿಯದ ಮಾವಾ, ನಿಮ್ಮ ಕಾಳುಮೆಣಸಿನ ಚೆಕ್ ವಾಪಸಾದದ್ದು ಬೇರೆಯೇ ದಾರಿ. ಚೆಕ್ಕಿನಲ್ಲಿ ಸಹಿಯ ಕೆಳಗೆ ಅಚ್ಚಾದ ಹೆಸರು ನೋಡಿ, "ಪ್ರೊಪ್ರೈಟರ್" ಅಂತಿದ್ದರೆ ನೋಟೀಸು ಸಹಿ ಮಾಡಿದ ಮನುಷ್ಯನಿಗೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಹೋಗಬೇಕು, ಇವತ್ತೇ ವಕೀಲರನ್ನು ಕಾಣಿ.

ಮೂಲ ಪ್ರಶ್ನೆಯ ಅಣ್ಣನಿಗೆ ಒಂದು ಮಾತು ಕೇಳುವುದುಂಟು. ಮೆಷಿನನ್ನು ನಿಮ್ಮ ತೋಟದ ಅಡಿಕೆಗೆ ಮಾತ್ರ ಬಳಸಿದ್ದೋ, ನೆರೆಕರೆಯವರಿಗೆ ಬಾಡಿಗೆಗೂ ಕೊಟ್ಟದ್ದೋ? ಬಾಡಿಗೆ ಇದ್ದರೆ "ವ್ಯಾಪಾರಕ್ಕೆ ಬಳಸಿದ್ದು" ಎಂದು ಅವರು ಖಂಡಿತ ತಕರಾರು ತೆಗೆಯುತ್ತಾರೆ. ಅದು ನಿಲ್ಲುತ್ತದೋ ಇಲ್ಲವೋ ನಿಮ್ಮ ಲೆಕ್ಕ ನೋಡದೆ ನಾನು ಹೇಳಲಾರೆ. ವಾರಂಟಿ ಕಾರ್ಡಿನ ಹಿಂಬದಿಯ ಫೋಟೋವನ್ನೂ ಹಾಕಿ.