ಉಪ್ಪಿಟ್ಟಿನ ಅಳತೆಯಲ್ಲಿ ಅನುಪಾತ

ಪ್ರಶ್ನೆ: ಆರನೇ ಕ್ಲಾಸ್ ಮಗಳಿಗೆ ಅನುಪಾತ ಅರ್ಥ ಆಗ್ತಿಲ್ಲ. ಅಡುಗೆ ಅಳತೆಯಲ್ಲಿ ಹೇಗೆ ಹೇಳಿಕೊಡಲಿ?

ಉತ್ತರ: ಉಪ್ಪಿಟ್ಟಿನಿಂದ ಶುರು ಮಾಡಿ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ 2 ಲೋಟ ಬನ್ಸಿ ರವೆ, 6 ಲೋಟ ನೀರು. ಭಾನುವಾರ ಜಯನಗರದಿಂದ ನೆಂಟರು ಬಂದು 10 ಜನ ಆದರೆ ಎಷ್ಟು ಬೇಕು ಅಂತ ಕೇಳಿ.

ಆರು ಜನ ಜಾಸ್ತಿ ಅಲ್ವಾ, ಎರಡಕ್ಕೂ ಆರು ಕೂಡಿಸೋಣ ಎನ್ನುವ ಮಕ್ಕಳು ತುಂಬಾ. ಆಗ 8 ಲೋಟ ರವೆ, 12 ಲೋಟ ನೀರು ಆಗುತ್ತದೆ. ತಪ್ಪು ಅನ್ನಬೇಡಿ. ಒಂದು ಲೋಟ ರವೆಗೆ ಎಷ್ಟು ನೀರು ಬಂತು ಅಂತ ಕೇಳಿ. ಮೊದಲು 3 ಲೋಟ ಇತ್ತು, ಈಗ ಒಂದೂವರೆ. ನನ್ನ ಮಗನಿಗೆ ಅರ್ಧ ಲೋಟ ರವೆ, ಮುಕ್ಕಾಲು ಲೋಟ ನೀರು ಹಾಕಿ ಮಾಡಿಯೇ ತೋರಿಸಿದೆ. ರವೆ ಸರಿಯಾಗಿ ಬೇಯದೆ ಹಲ್ಲಿಗೆ ಸಿಕ್ಕಿತು. ಕೂಡಿಸಿದರೆ ಹದ ಕೆಡುತ್ತದೆ ಅಂತ ಅವನಿಗೆ ಹೊಳೆದದ್ದು ಆ ತುತ್ತಿನಲ್ಲಿ.

ಆಮೇಲೆ ಒಬ್ಬರ ಲೆಕ್ಕಕ್ಕೆ ಇಳಿಯಿರಿ. ಒಬ್ಬರಿಗೆ ಅರ್ಧ ಲೋಟ ರವೆ, ಒಂದೂವರೆ ಲೋಟ ನೀರು. 10 ಜನಕ್ಕೆ 5 ಮತ್ತು 15. ಜನ ಎರಡೂವರೆ ಪಟ್ಟು, ರವೆ ಎರಡೂವರೆ ಪಟ್ಟು, ನೀರೂ ಅಷ್ಟೇ. 2:6 ಆಗಲಿ 5:15 ಆಗಲಿ, ಎರಡೂ 1:3.

ಇನ್ನೊಂದು ಪ್ರಶ್ನೆ ಬಿಡಬೇಡಿ: ರವೆ ಬೇಯಲು 6 ನಿಮಿಷ ಹಿಡಿದರೆ, 10 ಜನಕ್ಕೆ 15 ನಿಮಿಷ ಬೇಕಾ? ಬೇಡ. ನೀರು ಕುದಿಯಲು ಜಾಸ್ತಿ ಹೊತ್ತು ಬೇಕು ನಿಜ, ಆದರೆ ಕುದಿಯುವ ನೀರಲ್ಲಿ ರವೆ ಕಾಳು ಬೇಯುವ ಹೊತ್ತು ಜನರ ಲೆಕ್ಕಕ್ಕೆ ಬೆಳೆಯುವುದಿಲ್ಲ.