ಕಾವು ಏರಿದ ಮೇಲೆ ಫೋನ್ ಮಾಡಿದರೆ ತಡ

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ದಂಪತಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 24 ವರ್ಷ, ಮದುವೆಯಾಗಿ ಎರಡು ವರ್ಷ. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ತಿಂಗಳಿಗೆ ಮೂರ್ನಾಲ್ಕು ದಿನ ಊರಿಗೆ ಬರುತ್ತಾರೆ, ಬಂದಷ್ಟು ದಿನ ಕೂಲಿ ಖೋತಾ. ಮಕ್ಕಳಾಗಿಲ್ಲ ಅಂತ ಅತ್ತೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದರು. ಇಂಥವರು ನಮ್ಮ ಕಡೆ ಬಹಳ ಜನ ಇದ್ದಾರೆ. ದುಡಿಯೋಕೆ ಹೋದವರ ಮನೆಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಸಿಗುತ್ತಿರುವುದಕ್ಕೇ ಬರೆಯುತ್ತಿದ್ದೇನೆ.

ಸಲಹೆ ಕೇಳೋಕೆ ನನ್ನ ಹತ್ತಿರ ಎರಡನೇ ಸಲ ಬಂದಾಗ ಆಕೆ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಸುರುಳಿ ಸುತ್ತಿ ತಂದಿದ್ದಳು. ಪ್ರತಿ ತಾರೀಖಿನ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದೊಂದು ಅಂಕಿ: 97.3, 97.2, 97.4. ಬೆಳಿಗ್ಗೆ ಎದ್ದ ತಕ್ಷಣ ಡಿಜಿಟಲ್ ಥರ್ಮಾಮೀಟರ್ ಬಾಯಲ್ಲಿಟ್ಟು ನೋಡಿದ ಮೈ ಕಾವು. ಯಾವುದೋ ವಿಡಿಯೋ ನೋಡಿ ಕಲಿತಿದ್ದಳು. ನೀಟಾಗಿ ಬರೆದಿದ್ದಳು, ನಾನೇ ಬೆರಗಾದೆ.

ಮುಟ್ಟಾದ ಮೊದಲ ದಿನದಿಂದ ಎಣಿಸುತ್ತಾ ಹೋದೆವು. 9ನೇ ದಿನದ ಒಂದು ಅಂಕಿ ಬಿಟ್ಟರೆ 15ನೇ ದಿನದವರೆಗೆ ಕಾವು 97.2ರಿಂದ 97.4ರ ಒಳಗೇ ಇತ್ತು. 16ನೇ ದಿನ 97.9. ಮರುದಿನ 98. 18ನೇ ದಿನ ಮತ್ತೆ 97.9. ಅಲ್ಲಿ ಒಂದು ಗುಂಡು ಸುತ್ತಿ ಪಕ್ಕದಲ್ಲಿ 'ಫೋನ್' ಅಂತ ಬರೆದಿದ್ದಳು.

"ಇದೇನು ಫೋನ್?"

"ಮೂರು ದಿನ ಏರಿದ್ರ ಪಕ್ಕಾ ಅಂತ ಹೇಳ್ಯಾರ್ರಿ ಮೇಡಂ. ಪಕ್ಕಾ ಆದ ಮ್ಯಾಲೆ ನಮ್ಮ ಮನಿಯವ್ರಿಗೆ ಫೋನ್ ಹಚ್ತೀನ್ರಿ. ಸುಮ್ನ ಕರೆಸಿದ್ರ ಕೂಲಿ ಹಾಳಾಗ್ತದಲ್ರಿ."

ಗಂಡ ಅದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿಯುತ್ತಿದ್ದರು. ಅಂದರೆ 19ನೇ ದಿನ. ಹಿಂದಿನ ತಿಂಗಳುಗಳ ಹಾಳೆಗಳಲ್ಲೂ ಗುಂಡು, ಫೋನ್, ಅದೇ ಲೆಕ್ಕ.

ಆಕೆ ಕಲಿತದ್ದು ಸುಳ್ಳಲ್ಲ. ಆದರೆ ಮೂರು ದಿನ ಕಾಯುವ ಆ ನಿಯಮ ಮಗು ಬೇಡ ಅನ್ನುವವರದು. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ, ಅದು ಇದ್ದ ಜಾಗದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ತಯಾರಾಗುತ್ತದೆ. ಮೈ ಕಾವನ್ನು ಅರ್ಧ ಡಿಗ್ರಿಯಷ್ಟು ಏರಿಸುವುದು ಅದೇ. ಕಾವು ಏರಿದೆ ಅಂದರೆ ಅಂಡ ಆಗಲೇ ಬಿಡುಗಡೆಯಾಗಿದೆ ಅಂತ. ಹೊರಬಂದ ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ಹಿಂದಿನ ಆರು ದಿನಗಳಿಗಿಂತ ಮೂರು ದಿನ ಕಾವು ಮೇಲೇ ನಿಂತರೆ ಇನ್ನು ಗರ್ಭ ನಿಲ್ಲುವ ಕಾಲ ಮುಗಿಯಿತು ಅಂತ ಲೆಕ್ಕ. ಇವಳು ಅದು ಮುಗಿದದ್ದು ಪಕ್ಕಾ ಆದ ಮೇಲೆ ಗಂಡನನ್ನು ಕರೆಸುತ್ತಿದ್ದಳು.

ಹಾಗಾದರೆ ಮುಂಚೆ ತಿಳಿಯುವುದು ಹೇಗೆ? ಅದಕ್ಕೂ ಉತ್ತರ ಅದೇ ಹಾಳೆಯಲ್ಲಿತ್ತು. 13, 14, 15ನೇ ದಿನಗಳ ಮೂಲೆಯಲ್ಲಿ ಸಣ್ಣದಾಗಿ 'ಗು' ಅಂತ ಬರೆದಿತ್ತು. ಕೇಳಿದೆ. ಗುಳಿಗೆ ಅಂದಳು. ಆ ದಿನಗಳಲ್ಲಿ ಬಿಳಿ ಹೋಗುತ್ತದೆ, ಅಶಕ್ತಿ ಅಂತ ಅತ್ತೆ ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸಿ ಕೊಡುತ್ತಿದ್ದರಂತೆ. ಹೇಗಿರುತ್ತದೆ ಅಂತ ಕೇಳಿದರೆ ನಾಚಿಕೊಂಡು, "ತತ್ತಿ ಒಳಗಿನ ಬಿಳಿ ಇರ್ತದಲ್ರಿ, ಹಂಗ. ಜಗ್ಗಿದ್ರ ಎಳಿ ಬರ್ತದ" ಅಂದಳು. ವಾಸನೆ? ಇಲ್ಲ. ತುರಿಕೆ, ಉರಿ? ಇಲ್ಲ.

ಇದು ರೋಗ ಅಲ್ಲ. ಅಂಡ ಬಿಡುಗಡೆ ಹತ್ತಿರ ಬಂದಾಗ ಗರ್ಭಕೊರಳಿನಿಂದ ಬರುವ ಲೋಳೆ ಅದು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತದೆ. ಆಮೇಲೆ ಅಂಟಂಟು, ಆಮೇಲೆ ಕೆನೆಯಂತೆ ತೇವ, ಕೊನೆಗೆ ತಿಳಿಯಾಗಿ ಜಾರುವ ಎಳೆ. ಅಂಡ ಹೊರಬರುವುದು ಸಾಮಾನ್ಯವಾಗಿ ಎಳೆ ಬರುವ ಕೊನೆಯ ದಿನದ ಆಸುಪಾಸು. ಈ ಲೋಳೆಯಲ್ಲಿ ವೀರ್ಯಾಣುಗಳು ಐದು ದಿನದವರೆಗೂ ಬದುಕಿರಬಲ್ಲವು. ಹಾಗಾಗಿ ಗರ್ಭ ನಿಲ್ಲುವ ಅವಕಾಶ ಇರುವುದು ಅಂಡ ಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ತಿಂಗಳು ಅದು ಹೆಚ್ಚುಕಡಿಮೆ 10ರಿಂದ 15ನೇ ದಿನ. ಆ ದಿನಗಳಲ್ಲಿ ಗಂಡ ಬೆಂಗಳೂರಿನಲ್ಲಿ, ಹೆಂಡತಿ ಇಲ್ಲಿ ಗುಳಿಗೆ ನುಂಗುತ್ತಾ.

ನಾನು ಕೊಟ್ಟ ಸಲಹೆ ಇಷ್ಟು. ಗಂಡ ಮುಟ್ಟಿನ 10ನೇ ದಿನಕ್ಕೇ ಊರಿಗೆ ಬರಲಿ, ದಿನಾ ಅಥವಾ ದಿನ ಬಿಟ್ಟು ದಿನ ಸೇರಲಿ. ತೇವ ಅದಕ್ಕೂ ಮುಂಚೆ ಕಂಡರೆ ಅಂದೇ ಫೋನ್. ಥರ್ಮಾಮೀಟರ್ ಇನ್ನೊಂದು ತಿಂಗಳು ಸಾಕು, ಆಮೇಲೆ ಎತ್ತಿಡು ಅಂದೆ. ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಲಿಲ್ಲ. ಇಷ್ಟು ಶಿಸ್ತಾಗಿ ಬರೆಯುವವಳನ್ನು ಯಾಕೆ ಬಿಡಿಸುತ್ತೀರಿ ಅಂದರು. ನನ್ನ ಕಾರಣ ಹೇಳುತ್ತೇನೆ. ಅಂಡ ಬಿಡುಗಡೆಯಾಗುತ್ತಿದೆಯಾ ಅಂತ ನೋಡೋಕೆ ಒಂದೆರಡು ತಿಂಗಳ ಪಟ್ಟಿ ಒಳ್ಳೆಯದು. ಅದು ಸಿಕ್ಕ ಮೇಲೂ ದಿನಾ ಅಳೆದರೆ ಸಿಗುವುದು ನಿನ್ನೆಯ ಸುದ್ದಿ, ಜೊತೆಗೆ ಚಿಂತೆ.

ಅಳತೆಯೂ ನಂಬಿದಷ್ಟು ಗಟ್ಟಿ ಅಲ್ಲ. ಕನಿಷ್ಠ ಮೂರು ಗಂಟೆ ಒಂದೇ ಸಮ ನಿದ್ದೆ ಆಗಿರಬೇಕು, ಹಾಸಿಗೆ ಬಿಡುವ ಮುಂಚೆ, ದಿನಾ ಅದೇ ಹೊತ್ತಿಗೆ ನೋಡಬೇಕು. ಇವಳ ಹಾಳೆಯಲ್ಲಿ 9ನೇ ದಿನ ಒಂದು 98.3 ಇತ್ತು. ಅವತ್ತು ನಸುಕಿನಲ್ಲಿ ನಲ್ಲಿ ನೀರು ಬಂದಿತ್ತು. ಕೊಡ ಹೊತ್ತು ತುಂಬಿಸಿ ಆಮೇಲೆ ನೋಡಿದ ಅಂಕಿ ಅದು. ಅಂಥ ದಿನದ ಅಂಕಿಯನ್ನು ಅಡ್ಡಗೆರೆ ಎಳೆದು ಬಿಡಬೇಕು. ಜ್ವರ, ರಾತ್ರಿಯೆಲ್ಲ ಜಾತ್ರೆಯಲ್ಲಿ ಎಚ್ಚರ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗೋದು, ಎಲ್ಲವೂ ಅರ್ಧ ಡಿಗ್ರಿಯ ಲೆಕ್ಕ ಕೆಡಿಸಬಲ್ಲವು.

ಲೋಳೆಗೂ ಮಿತಿ ಇದೆ. ದೇಹ ಅಂಡಕ್ಕೆ ತಯಾರಾಗುತ್ತಿದೆ ಅಂತ ಅದು ಹೇಳುತ್ತದೆ, ಅಂಡ ಬಂದೇ ಬಂತು ಅಂತಲ್ಲ. ಹಾರ್ಮೋನ್ ಏರುಪೇರಾಗುವ ಪಿಸಿಓಎಸ್ ತೊಂದರೆ ಇರುವವರಿಗೆ ಒಂದೇ ತಿಂಗಳಲ್ಲಿ ಎರಡು ಮೂರು ಸಲ ಎಳೆ ಬಂದು ಅಂಡವೇ ಬಾರದೆ ಇರಬಹುದು. ಸೇರಿದ ಮರುದಿನ ವೀರ್ಯವನ್ನೇ ಲೋಳೆ ಅಂದುಕೊಳ್ಳುವುದೂ ಉಂಟು. ಮೊಸರು ಒಡೆದ ಹಾಗಿದ್ದು ತುರಿಸಿದರೆ, ಹಳದಿ-ಹಸಿರಾಗಿದ್ದರೆ, ನಾತ ಇದ್ದರೆ ಅದು ಸೋಂಕು. ಅದಕ್ಕೆ ಡಾಕ್ಟರೇ ಬೇಕು, ಅಂಗಡಿ ಗುಳಿಗೆ ಅಲ್ಲ. ಇನ್ನು ಮಗು ಬೇಡ ಅನ್ನುವವರು ಯಾರಿಂದಲೂ ಸರಿಯಾಗಿ ಕಲಿಯದೆ ಈ ಎರಡನ್ನು ಮಾತ್ರ ನಂಬಿದರೆ ಮೋಸ ಹೋಗುವ ಸಂಭವ ಜಾಸ್ತಿ.

ಅತ್ತೆಯನ್ನೂ ಒಳಗೆ ಕರೆದು ಕೂರಿಸಿಕೊಂಡೆ. "ಎರಡು ವರ್ಷ ಆತಲ್ರಿ" ಅಂದರು. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ತಪಾಸಣೆ ಅಂತ ಡಾಕ್ಟರು ಹೇಳುವುದು ಒಟ್ಟಿಗೆ ಬಾಳುವವರಿಗೆ. ಈ ಹಾಳೆಗಳ ಪ್ರಕಾರ ಇವರ ಪ್ರಯತ್ನ ಇನ್ನೂ ಶುರುವೇ ಆಗಿಲ್ಲ ಅಂದೆ. 35 ದಾಟಿದವಳಾಗಿದ್ದರೆ ಕಾಯಿಸುತ್ತಿರಲಿಲ್ಲ. ಅಲ್ಲಿ ಆರು ತಿಂಗಳೇ ಗಡುವು.

ಹೋಗುವಾಗ ಆಕೆ, "ಎಳಿ ಬರ್ತದ, ಕಾವೂ ಏರ್ತದ, ಅಂದ್ರ ಎಲ್ಲಾ ಸರಿ ಐತಲ್ರಿ?" ಅಂದಳು. ಅಂಡ ಬರುತ್ತಿರೋ ಹಾಗೆ ಕಾಣುತ್ತದೆ, ಅಷ್ಟೇ ಅಂದೆ. ಅಂಡ ಸಾಗುವ ನಳಿಕೆ ತೆರೆದಿದೆಯೋ ಇಲ್ಲವೋ ಈ ಅಂಕಿಗಳಿಂದ ತಿಳಿಯುವುದಿಲ್ಲ. ಗಂಡನ ವೀರ್ಯದ ವಿಷಯವಂತೂ ಹೆಂಡತಿಯ ಕ್ಯಾಲೆಂಡರಿನಲ್ಲಿ ಸಿಗುವುದೇ ಇಲ್ಲ. ಅದೊಂದು ಪರೀಕ್ಷೆ ಸುಲಭದ್ದು, ನೋವಿಲ್ಲದ್ದು. ಎರಡರಿಂದ ಏಳು ದಿನ ವೀರ್ಯ ಹೋಗದಂತೆ ಇದ್ದು ಕೊಟ್ಟರೆ ಸಾಕು. ಮುಂದಿನ ಸಲ ಅವರೇ ಬರಲಿ ಅಂದೆ. ಅತ್ತೆ ಮುಖ ಗಂಟಿಕ್ಕಿದರು, "ನನ್ನ ಮಗಂದ್ಯಾಕ?" ಅಂದರು. ಹಾಳೆಯ ಹಿಂಬದಿಯಲ್ಲಿ ಲ್ಯಾಬಿನ ಸಮಯ ಬರೆದು ಸೊಸೆಯ ಕೈಗೆ ಕೊಟ್ಟೆ.